ಹೃದಯದ ಕವಾಟ ಕಿರಿದಾಗಿದ್ದರೆ ಸಿಸೇರಿಯನ್ನೇ ಕ್ಷೇಮವೇ?

ಪ್ರಶ್ನೆ: ತಂಗಿಗೆ ಈಗ 24 ವಾರ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿದೆ, ಎಕೋದಲ್ಲಿ 1.2 ಚದರ ಸೆಂ.ಮೀ. ಸಿಸೇರಿಯನ್ ಮಾಡಿಸಿಬಿಡೋಣವೇ?

ಉತ್ತರ: ಕವಾಟದ ಕಾರಣಕ್ಕೇ ಸಿಸೇರಿಯನ್ ಬೇಕಾಗುವುದು ಅಪರೂಪ. ಸಹಜ ಹೆರಿಗೆಯಲ್ಲಿ ರಕ್ತಸ್ರಾವವೂ ಸೋಂಕೂ ಕಡಿಮೆ.

ಆರೋಗ್ಯವಂತರಲ್ಲಿ ಈ ಕವಾಟ 4ರಿಂದ 6 ಚದರ ಸೆಂ.ಮೀ. ತೆರೆಯುತ್ತದೆ. 1.2 ಎಂದರೆ ತೀವ್ರವಾಗಿಯೇ ಕಿರಿದಾಗಿದೆ. ಹೃದಯ ವೇಗವಾಗಿ ಬಡಿದಷ್ಟೂ ರಕ್ತ ಈ ಕಿಂಡಿ ದಾಟಲು ಸಮಯ ಸಾಲದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಮೆಟೊಪ್ರೊಲಾಲ್‌ನಂಥ ಔಷಧಿಯಿಂದ ನಾಡಿ ನಿಧಾನಗೊಳಿಸುತ್ತಾರೆ. ಔಷಧಿ ತೆಗೆದುಕೊಂಡರೂ ಉಸಿರುಗಟ್ಟಿದರೆ, ಕವಾಟದ ರಚನೆ ಒಗ್ಗುವಂತಿದ್ದರೆ, ಗರ್ಭಿಣಿಯಲ್ಲೂ ಬಲೂನಿನಿಂದ ಅದನ್ನು ಅಗಲಿಸಬಹುದು. ಇದನ್ನು ಎಕ್ಸ್‌ರೇ ನೆರವಿನಿಂದ ಮಾಡುವುದರಿಂದ, ಮಗುವಿನ ರಕ್ಷಣೆಗೆ ಹೊಟ್ಟೆಗೆ ಸೀಸದ ಹೊದಿಕೆ ಹಾಕಿದರೆ ಸಾಕೇ ಎಂದು ಅನೇಕರು ಕೇಳುತ್ತಾರೆ. ಮುಖ್ಯವಾದದ್ದು ಎಕ್ಸ್‌ರೇ ಬಳಕೆಯನ್ನೇ ಅತಿ ಕಡಿಮೆ ಇಡುವುದು.

ಹೆರಿಗೆಯಲ್ಲಿ ಬೇಗನೆ ಬೆನ್ನಿನ ಮೂಲಕ ನೋವು ತಗ್ಗಿಸುವ ಎಪಿಡ್ಯೂರಲ್ ಕೊಡುತ್ತಾರೆ, ನೋವು ಇಳಿದರೆ ನಾಡಿಯೂ ಇಳಿಯುತ್ತದೆ. ಕೊನೆಯಲ್ಲಿ ಅವಳು ಬಹಳ ಹೊತ್ತು ತಿಣುಕದಂತೆ ವ್ಯಾಕ್ಯೂಮ್ ಅಥವಾ ಫೋರ್‌ಸೆಪ್ಸ್ ಬಳಸುತ್ತಾರೆ. ಹೆರಿಗೆ ಶುರುವಾದಾಗಲೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಪ್ರಭಾವ ಉಳಿದಿದ್ದರೆ, ಹೃದಯ ವೈಫಲ್ಯ ಹತೋಟಿಗೆ ಬಾರದಿದ್ದರೆ ಸಿಸೇರಿಯನ್ ಯೋಚಿಸುತ್ತಾರೆ.

ನನಗೆ ಹೆಚ್ಚು ಭಯವಿರುವುದು ಮಗು ಹುಟ್ಟಿದ ನಂತರದ ಗಂಟೆಗಳ ಬಗ್ಗೆ. ಕುಗ್ಗುವ ಗರ್ಭಕೋಶದ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎರಡು-ಮೂರು ದಿನ ನಿಗಾ ಬೇಕು. ಗರ್ಭಕೋಶ ಕುಗ್ಗಿಸುವ ಔಷಧಿಗಳಲ್ಲಿ ಆಕ್ಸಿಟೋಸಿನ್ ನಿಧಾನವಾಗಿ ಹನಿಸಬೇಕು, ಎರ್ಗೊಮೆಟ್ರಿನ್ ಬೇಡ. ಹೃದಯತಜ್ಞ, ಪ್ರಸೂತಿತಜ್ಞ, ಅರಿವಳಿಕೆ ತಜ್ಞರು ಒಂದೇ ಕಡೆ ಇರುವ ಆಸ್ಪತ್ರೆಯಲ್ಲಿ ಈಗಲೇ ಹೆಸರು ನೋಂದಾಯಿಸಿ, ಈ ಯೋಜನೆಯನ್ನು ಬರೆಸಿಕೊಳ್ಳಿ. ಮಲಗಿದರೆ ಉಸಿರು ಕಟ್ಟಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಎದೆಬಡಿತ ತಪ್ಪಿದರೆ ತಕ್ಷಣ ಕರೆದೊಯ್ಯಿರಿ.