ತಲೆ ತಿಂದದ್ದು ಯಾರು, ಕಾಲೆಳೆದದ್ದು ಯಾರು?

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳು ದಿನಕ್ಕೆ ಹತ್ತು ಬಾರಿ ‘ಅಜ್ಜ, ಕಾಲೆಳೆಯಬೇಡಿ’, ‘ಅಜ್ಜ, ತಲೆ ತಿನ್ನಬೇಡಿ’ ಎನ್ನುತ್ತಾಳೆ. ಇವೆರಡೂ ಇಂಗ್ಲಿಷಿನ ತರ್ಜುಮೆ, ಕನ್ನಡವೇ ಅಲ್ಲ ಎಂದು ನನ್ನ ಗೆಳೆಯರೊಬ್ಬರ ವಾದ. ಅಷ್ಟರಲ್ಲಿ ಕಳೆದ ಸಂಚಿಕೆಯ ಅನುವಾದಿತ ಕಥೆಯಲ್ಲಿ ‘ಅವಳ ಹೃದಯ ಮುಳುಗಿತು’ ಎಂದು ಓದಿದೆ. ಹೃದಯ ಮುಳುಗುವುದು ಯಾವ ಕೆರೆಯಲ್ಲಿ? ನಮ್ಮ ಮೈಯ ಮಾತುಗಳೆಲ್ಲ ಬಾಡಿಗೆಯವೇ?

— ಓದುಗರೊಬ್ಬರು, ತೀರ್ಥಹಳ್ಳಿ

ಮಾನ್ಯರೇ,

ಮುಳುಗಿದ ಹೃದಯದ ತಪ್ಪು ನನ್ನದು. ಆ ವಾಕ್ಯ ನನ್ನ ಮೇಜಿನ ಮೇಲಿಂದಲೇ ದಾಟಿ ಹೋಯಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನಿಮ್ಮ ಮೊಮ್ಮಗಳ ಪರವಾಗಿ ಎರಡು ಮಾತು.

ತಲೆ ತಿನ್ನುವ ವಿಷಯದಲ್ಲಿ ನಿಮ್ಮ ಗೆಳೆಯರು ದಾರಿಯನ್ನು ತಿರುಗುಮುರುಗಾಗಿ ಹಿಡಿದಿದ್ದಾರೆ. ಕಾಟ ಕೊಡುವುದಕ್ಕೆ ‘ತಲೆ ತಿನ್ನು’ ಎಂಬ ಮಾತು ತೆಲುಗಿನಲ್ಲಿದೆ, ಮಲಯಾಳದಲ್ಲಿದೆ, ಹಿಂದಿಯವರು ತಲೆಯನ್ನೂ ಮಿದುಳನ್ನೂ ತಿನ್ನುತ್ತಾರೆ. ಇಂಗ್ಲೆಂಡಿನ ಇಂಗ್ಲಿಷಿನಲ್ಲಿ ಮಾತ್ರ ಅದು ಇಲ್ಲ. ಅಲ್ಲಿ ತಲೆಯನ್ನು ಕಚ್ಚಿ ಹಾಕುವ ಮಾತೊಂದಿದೆ, ಆದರೆ ಅದರ ಅರ್ಥ ಸಿಟ್ಟಿನಿಂದ ಹರಿಹಾಯುವುದು. ಒಂದೇ ಪ್ರಶ್ನೆಯನ್ನು ನಲವತ್ತು ಬಾರಿ ಕೇಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಂಗಳೂರಿನ ಹುಡುಗನೊಬ್ಬ ಲಂಡನ್ನಿನ ಕಚೇರಿಯಲ್ಲಿ ‘ನನ್ನ ತಲೆ ತಿನ್ನುತ್ತಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ದೂರಿದರೆ ಕೇಳಿದವರು ಗಾಬರಿಯಾದಾರು. ಈ ಮಾತನ್ನು ಭಾರತದ ಇಂಗ್ಲಿಷಿಗೆ ಕೊಟ್ಟವರು ನಾವೇ, ನಾವೆಂದರೆ ಇಲ್ಲಿನ ಹಲವು ಭಾಷೆಯವರು. ಕನ್ನಡದಲ್ಲಿ ತಿನ್ನುವುದೆಂದರೆ ಬರೀ ಊಟದ ಕೆಲಸವೂ ಅಲ್ಲವಲ್ಲ. ನಾವು ಪೆಟ್ಟು ತಿನ್ನುತ್ತೇವೆ, ಲಂಚ ತಿನ್ನುತ್ತೇವೆ, ಪ್ರಾಣ ತಿನ್ನುತ್ತೇವೆ. ಆ ಪಂಕ್ತಿಯಲ್ಲಿ ತಲೆಗೂ ಒಂದು ಎಲೆ ಇರುವುದು ಸಹಜ.

ಕಾಲಿನ ಕಥೆ ಬೇರೆ. ಇಲ್ಲಿ ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ. ಮೇಲೇರುವವನನ್ನು ಕೆಳಕ್ಕೆ ಜಗ್ಗುವುದಕ್ಕೆ ನಾವು ಕಾಲೆಳೆಯುವುದು ಎನ್ನುತ್ತೇವೆ. ಬುಟ್ಟಿಯ ಏಡಿಗಳ ಕಥೆ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಛೇಡಿಸುವುದು, ಕಿಚಾಯಿಸುವುದು ಎಂಬ ಅರ್ಥ ಮಾತ್ರ ಇಂಗ್ಲಿಷಿನ ನೆರಳಿನಲ್ಲಿ ಬಂದದ್ದು. ಈಗ ಎರಡೂ ಒಂದೇ ಪತ್ರಿಕೆಯ ಒಂದೇ ಪುಟದಲ್ಲಿ ಸಿಗುತ್ತವೆ. ‘ಪ್ರತಿಪಕ್ಷದ ನಾಯಕರ ಕಾಲೆಳೆದ ಸಚಿವರು’ ಎಂದರೆ ಸದನದಲ್ಲಿ ನಗೆ ಎದ್ದಿತು ಎಂದರ್ಥ. ‘ಪಕ್ಷದೊಳಗೇ ಕಾಲೆಳೆಯುವವರಿದ್ದಾರೆ’ ಎಂದರೆ ಯಾರೂ ನಗುತ್ತಿಲ್ಲ. ಒಮ್ಮೆ ನಡೆದು ಮುಗಿದದ್ದಾದರೆ ಸಾಮಾನ್ಯವಾಗಿ ತಮಾಷೆ, ಅದೇ ಚಾಳಿಯಾದರೆ ಹಗೆ. ಶೀರ್ಷಿಕೆ ಬರೆಯುವವರು ಇದನ್ನು ಮರೆತ ದಿನ ದೂರವಾಣಿ ಕರೆಗಳು ಬರುತ್ತವೆ.

ಮೂಲ ಇಂಗ್ಲಿಷಿನಲ್ಲಿ ಈ ನುಡಿಗಟ್ಟು ಹತ್ತೊಂಬತ್ತನೆಯ ಶತಮಾನದ್ದು. ನೇಣಿಗೆ ಹಾಕಿದವನ ಯಾತನೆ ಬೇಗ ಮುಗಿಯಲೆಂದು ಗೆಳೆಯರು ಅವನ ಕಾಲೆಳೆಯುತ್ತಿದ್ದರು, ಅದರಿಂದಲೇ ಈ ಮಾತು ಹುಟ್ಟಿತು ಎಂಬ ಕಥೆ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ಅದಕ್ಕೆ ಆಧಾರವಿಲ್ಲ. ಅಲ್ಲಿ ಅದರ ಅರ್ಥವೂ ಬರೀ ಕೀಟಲೆಯಲ್ಲ, ಇಲ್ಲದ್ದನ್ನು ಇದೆಯೆಂದು ಗಂಭೀರವಾಗಿ ಹೇಳಿ ನಂಬಿಸುವ ಕೀಟಲೆ. ಆ ಅರ್ಥಕ್ಕೆ ನಮ್ಮಲ್ಲಿ ಸರಿಸಾಟಿ ಕಾಲಿನಲ್ಲಿಲ್ಲ, ಕಿವಿಯಲ್ಲಿದೆ: ‘ಕಿವಿಯ ಮೇಲೆ ಹೂವಿಡಬೇಡ’. ತಮಿಳರೂ ತೆಲುಗರೂ ಕಿವಿಗೇ ಹೂವಿಡುತ್ತಾರೆ. ಇಂಗ್ಲಿಷಿನದಕ್ಕಿಂತ ನಮ್ಮದರಲ್ಲಿ ಮೋಸದ ವಾಸನೆ ಕೊಂಚ ಹೆಚ್ಚು, ಅಷ್ಟೇ ವ್ಯತ್ಯಾಸ.

ಹಾಗಾದರೆ ಯಾವುದು ಮನೆಯದು, ಯಾವುದು ಬಾಡಿಗೆಯದು ಎಂದು ತಿಳಿಯುವುದು ಹೇಗೆ? ನಾನು ಮೊದಲು ನೋಡುವುದು ಸಂಧಿಯನ್ನು. ಅಂಗದ ಹೆಸರೂ ಕ್ರಿಯಾಪದವೂ ಬಹುಕಾಲ ಒಟ್ಟಿಗೆ ಬಾಳಿದ್ದರೆ ಎರಡರ ನಡುವಿನ ಗೋಡೆ ಬೀಳುತ್ತದೆ. ಎದೆ ಮತ್ತು ಕುಂದು ಸೇರಿ ‘ಎದೆಗುಂದು’ ಆಗುತ್ತದೆ, ತಲೆ ಮತ್ತು ತೂಗು ಸೇರಿ ‘ತಲೆದೂಗು’. ಶಾಲೆಯಲ್ಲಿ ಕಲಿತ ಆದೇಶಸಂಧಿ ಇದೇ. ಹೊಸದಾಗಿ ಬಂದ ತರ್ಜುಮೆಗೆ ಈ ಸಲಿಗೆ ಸಿಗುವುದಿಲ್ಲ. ಆದರೆ ಪರೀಕ್ಷೆ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ: ಸಂಧಿಯಾಗಿದ್ದರೆ ಹಳೆಯದು ಎನ್ನಬಹುದು, ಆಗದಿದ್ದರೆ ಹೊಸದು ಎನ್ನುವಂತಿಲ್ಲ. ‘ತಲೆ ತಿನ್ನು’ ಎಂದೂ ‘ತಲೆದಿನ್ನು’ ಆಗಿಲ್ಲ, ಆದರೂ ಅದು ಮನೆಯದೇ.

ಎರಡು ಭಾಷೆಗಳಲ್ಲಿ ಒಂದೇ ಮಾತಿನಂತೆ ಕಾಣುವವು ಇನ್ನೂ ಅಪಾಯಕಾರಿ. ಕೆಲವು ವರ್ಷಗಳ ಹಿಂದೆ ನಮಗೆ ಬಂದ ಅನುವಾದವೊಂದರಲ್ಲಿ ಹೊತ್ತಿ ಉರಿಯುವ ಮನೆಯ ಬೆಂಕಿ ನಂದಿಸಲು ‘ಊರಿನವರೆಲ್ಲ ಕೈ ಕೊಟ್ಟರು’ ಎಂದಿತ್ತು. ಮೂಲದಲ್ಲಿ ಊರಿನವರು ಓಡಿ ಬಂದು ನೀರು ಹೊತ್ತಿದ್ದರು. ಕನ್ನಡದಲ್ಲಿ ಕೈ ಕೊಡುವುದೆಂದರೆ ನಂಬಿಸಿ ನಡುನೀರಿನಲ್ಲಿ ಬಿಡುವುದು. ಮಳೆ ಕೈಕೊಡುತ್ತದೆ, ಪಂಪ್‌ಸೆಟ್ ಕೈಕೊಡುತ್ತದೆ. ಪಾಪ, ಅಷ್ಟು ನೀರು ಹೊತ್ತ ಊರು ಒಂದು ಪದದಿಂದ ದ್ರೋಹಿಯಾಯಿತು. ‘ಕೈಜೋಡಿಸಿದರು’ ಎಂದು ತಿದ್ದಿದೆವು.

ಇನ್ನು ಹೃದಯ. ಇಂಗ್ಲಿಷಿನ ಒಂದು ಹೃದಯ ಮಾಡುವ ಕೆಲಸವನ್ನು ಕನ್ನಡ ಮೂರು ಕಡೆ ಹಂಚಿದೆ. ಧೈರ್ಯ ಎದೆಗೆ, ಅದಕ್ಕೇ ಎದೆಗಾರಿಕೆ. ಮಮತೆ ಕರುಳಿಗೆ. ಹೊಟ್ಟೆಗೆ ಕಿಚ್ಚೂ ಕಳವಳವೂ ಸೇರಿವೆ, ಜೊತೆಗೆ ಕ್ಷಮೆಯೂ ಅಲ್ಲಿಯೇ: ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವಲ್ಲ. ಹೃದಯ ಸಂಸ್ಕೃತದಿಂದ ಬಂದ ಅತಿಥಿ. ಅದನ್ನು ಭಾಷಣದಲ್ಲಿ ಕೂರಿಸುತ್ತೇವೆ, ಅಡುಗೆಮನೆಯ ಮಾತಿಗೆ ಕರೆಯುವುದು ಕಡಿಮೆ.

ಇನ್ನೊಂದು ವ್ಯತ್ಯಾಸ ನನಗೆ ಹೊಳೆದದ್ದು ತಡವಾಗಿ. ಇಂಗ್ಲಿಷು ಹೃದಯವನ್ನು ಚಲಿಸುವಂತೆ ಮಾಡುತ್ತದೆ. ಅದು ಮುಳುಗುತ್ತದೆ, ನೆಗೆಯುತ್ತದೆ, ಬಾಯಿಗೂ ಬರುತ್ತದೆ. ನಾವು ಎದೆಯಿಂದ ಸದ್ದು ಹೊರಡಿಸುತ್ತೇವೆ. ಧಸಕ್ಕೆನ್ನುತ್ತದೆ, ಝಲ್ಲೆನ್ನುತ್ತದೆ, ಡವಗುಟ್ಟುತ್ತದೆ. ವ್ಯಾಕರಣದವರು ಅನುಕರಣಾವ್ಯಯ ಎಂದು ಒಂದು ಮೂಲೆಯಲ್ಲಿ ಇಟ್ಟಿರುವ ಈ ಸದ್ದುಗಳೇ ಇಲ್ಲಿ ಅರ್ಥದ ಭಾರ ಹೊರುತ್ತವೆ.

ಈಗ ನಮ್ಮ ಕಥೆಯ ವಾಕ್ಯ: ‘ಪಟ್ಟಿಯಲ್ಲಿ ಮಗನ ಸಂಖ್ಯೆ ಕಾಣದೆ ಅವಳ ಹೃದಯ ಮುಳುಗಿತು.’ ತಾಯಿ ಬೆಳಗಿನಿಂದ ಫಲಿತಾಂಶಕ್ಕಾಗಿ ಕಾದಿದ್ದಾಳೆ. ಆ ಹೊತ್ತಿಗೆ ‘ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ’ ಎನ್ನಬಹುದು, ಏಕೆಂದರೆ ಇನ್ನೂ ಏನೂ ತಿಳಿದಿಲ್ಲ. ಪಟ್ಟಿಯಲ್ಲಿ ಸಂಖ್ಯೆ ಇಲ್ಲವೆಂದು ಕಂಡ ಕ್ಷಣಕ್ಕೆ ‘ಎದೆ ಧಸಕ್ಕೆಂದಿತು’ ಸರಿ. ಅದು ಒಂದೇ ಏಟು. ಮರುಕ್ಷಣ ಅವಳು ಮಗನ ಮುಖ ನೋಡಿದ್ದರೆ ಅಲ್ಲಿ ಚುರುಕ್ಕೆನ್ನಬೇಕಾದದ್ದು ಎದೆಯಲ್ಲ, ಕರುಳು. ‘ಎದೆಗುಂದಿದಳು’ ಎಂದರೆ ಮುಂದೇನು ಮಾಡುವುದು ಎಂಬ ಧೈರ್ಯವೇ ಹೋಯಿತು ಎಂದಾಗುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕು. ‘ಎದೆಯೊಡೆಯಿತು’ ಎಂದಿದ್ದರಂತೂ ಆಸ್ಪತ್ರೆಯ ದೃಶ್ಯವನ್ನು ಸೇರಿಸಬೇಕಾಗುತ್ತಿತ್ತು. ನಮ್ಮಲ್ಲಿ ಎದೆಯೊಡೆದವರು ಸಾಮಾನ್ಯವಾಗಿ ಬದುಕುವುದಿಲ್ಲ.

ನಿಮ್ಮ ಪತ್ರವನ್ನು ಅನುವಾದಕರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಧಸಕ್ಕೆನ್ನುವುದನ್ನು ಒಪ್ಪಲಿಲ್ಲ. ಮೂಲದ ತಾಯಿ ಪಟ್ಟಿಯನ್ನು ಮೂರು ಸಲ, ಬೆರಳಿಟ್ಟು, ನಿಧಾನವಾಗಿ ಓದುತ್ತಾಳೆ, ಅಲ್ಲಿ ಏಟಿನ ಸದ್ದು ಕೇಳಬಾರದು ಎಂದರು. ಅವರ ಮಾತು ಸರಿಯೆನಿಸಿತು. ಕಥೆ ಪುಸ್ತಕವಾಗುವಾಗ ಆ ವಾಕ್ಯ ಹೀಗಿರುತ್ತದೆ: ‘ಪಟ್ಟಿಯಲ್ಲಿ ಮಗನ ಸಂಖ್ಯೆ ಇರಲಿಲ್ಲ. ಅವಳ ಮುಖ ಸಪ್ಪಗಾಯಿತು.’

— ಸಂಪಾದಕ