ಹಿಂಜವಡಿ ಸರ್ವಿಸ್ ಕಂಪನಿಯೋ, ಬಾಣೇರ್ ಪ್ರಾಡಕ್ಟ್ ಕಂಪನಿಯೋ?

"ಪುಣೆಯಲ್ಲಿ ಎರಡು ಆಫರ್ ಇವೆ. ಹಿಂಜವಡಿಯ ಸರ್ವಿಸ್ ಕಂಪನಿ 3.6 ಲಕ್ಷ. ಬಾಣೇರ್‌ನ ಸಣ್ಣ ಪ್ರಾಡಕ್ಟ್ ಕಂಪನಿ 6 ಲಕ್ಷ, ಅದರಲ್ಲಿ 1 ಲಕ್ಷ ವೇರಿಯಬಲ್. ಬೆಂಚ್ ಅಂದ್ರೆ ಭಯ. ಯಾವುದು ಸೇರಲಿ?"

ಗೊಂದಲ ಆಗಿರುವುದು ಸಿಟಿಸಿ ನೋಡಿ ಅನಿಸುತ್ತದೆ. ಮೊದಲು ವೇರಿಯಬಲ್ ಬಿಟ್ಟು ಲೆಕ್ಕ ಹಾಕಿ. 5 ಲಕ್ಷ ಅಂದರೆ ತಿಂಗಳಿಗೆ ಸುಮಾರು 41,600. ಕಂಪನಿಯದೂ ನಿಮ್ಮದೂ ಸೇರಿ ಪಿಎಫ್ 3,600, ಪ್ರೊಫೆಷನಲ್ ಟ್ಯಾಕ್ಸ್ 200 ಹೋದರೆ ಕೈಗೆ 37,800. 3.6 ಲಕ್ಷಕ್ಕೆ ಹೀಗೇ 26,200. ಗ್ರಾಚ್ಯುಟಿಯನ್ನೂ ಸಿಟಿಸಿಯಲ್ಲಿ ಸೇರಿಸಿದ್ದರೆ ಎರಡೂ ಇನ್ನಷ್ಟು ಇಳಿಯುತ್ತವೆ.

ಪ್ರಾಜೆಕ್ಟ್ ಸಿಗದೆ ಬೆಂಚ್‌ನಲ್ಲಿದ್ದರೂ ಸಂಬಳ ಬರುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ನಾನು ಜಾವಾ ಟ್ರೈನಿಂಗ್ ಮುಗಿಸಿ 4 ತಿಂಗಳು ಬೆಂಚ್‌ನಲ್ಲಿದ್ದೆ. ಕೊನೆಗೆ ಸಿಕ್ಕಿದ್ದು ನೈಟ್ ಶಿಫ್ಟ್ ಸಪೋರ್ಟ್, ರಾತ್ರಿಯಿಡೀ ಟಿಕೆಟ್ ಮುಚ್ಚುವ ಕೆಲಸ. ಕ್ಲೈಂಟ್‌ಗೆ ಯಾರು ಬೇಕೋ ಅದರ ಮೇಲೆ ಪ್ರಾಜೆಕ್ಟ್ ಕೊಡುತ್ತಾರೆ, ನಿಮ್ಮ ಇಷ್ಟ ನೋಡಿ ಅಲ್ಲ. ಸರ್ವಿಸ್ ಕಂಪನಿಯಲ್ಲಿ ಬೇರೆ ಬೇರೆ ಥರದ ಪ್ರಾಜೆಕ್ಟ್ ಇದ್ದರೂ ಆ ವೆರೈಟಿ ಕಂಪನಿಗೆ, ನಿಮಗೆ ಸಿಗುತ್ತದೆ ಅಂತ ಹೇಳಲಾಗದು.

ಹಾಗಾಗಿ ಬಾಣೇರ್ ಕಂಪನಿಗೆ ಹೋದ ವರ್ಷ ಸೇರಿದ ಫ್ರೆಶರ್ ಒಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಕೇಳಿ: ನಿಮ್ಮ ಕೋಡ್ ಯಾರು ರಿವ್ಯೂ ಮಾಡುತ್ತಾರೆ? ಸಂಬಳ ತಡವಾಗಿದೆಯಾ? ಸೀನಿಯರ್ ರಿವ್ಯೂ ಮಾಡುತ್ತಾರೆ, ಸಂಬಳ ಸರಿಯಾಗಿ ಬರುತ್ತಿದೆ ಅಂದರೆ ಅಲ್ಲೇ ಸೇರಿ. ರಿವ್ಯೂ ಮಾಡುವವರೇ ಇಲ್ಲ ಅಂದರೆ ಹಿಂಜವಡಿ ಪರವಾಗಿಲ್ಲ. ಆದರೆ ಸಹಿ ಮಾಡುವ ಮೊದಲು ಬಾಂಡ್ ಎಷ್ಟು ತಿಂಗಳು, ಮುರಿದರೆ ಎಷ್ಟು ಕಟ್ಟಬೇಕು ಅಂತ ಎಚ್‌ಆರ್‌ನಿಂದ ಮೇಲ್‌ನಲ್ಲೇ ಬರೆಸಿಕೊಳ್ಳಿ.