ಆಲ್ಫಾ 0.93 ಬಂದರೆ ಪ್ರಶ್ನಾವಳಿ ಸಿದ್ಧವಾಯಿತೇ?

ಪ್ರಶ್ನೆ: ಮೊಣಕಾಲು ನೋವಿನ ಆಕ್ಸ್‌ಫರ್ಡ್ ನೀ ಸ್ಕೋರ್ ಪ್ರಶ್ನಾವಳಿಯನ್ನು ಅನುಮತಿ ಪಡೆದು ಕನ್ನಡಕ್ಕೆ ತಂದಿದ್ದೇನೆ. ಕನ್ನಡದಿಂದ ಮತ್ತೆ ಇಂಗ್ಲಿಷ್‌ಗೆ ಮಾಡಿಸಿದ ಮರು ಅನುವಾದ ಮೂಲಕ್ಕೆ ಸರಿಹೊಂದಿದೆ. ಹೊರರೋಗಿ ವಿಭಾಗದ 110 ಜನರಲ್ಲಿ ಕ್ರೋನ್‌ಬ್ಯಾಕ್ ಆಲ್ಫಾ 0.93 ಬಂದಿದೆ. ಇಷ್ಟು ಸಾಕಲ್ಲವೇ?
– ಸ್ನಾತಕೋತ್ತರ ವಿದ್ಯಾರ್ಥಿನಿ

ಉತ್ತರ: ಸಾಲದು. ಉತ್ತರಗಳು ಒಂದಕ್ಕೊಂದು ಹೊಂದಿಕೊಂಡು ಏರಿಳಿಯುತ್ತವೆ ಎಂಬುದನ್ನಷ್ಟೇ ಆಲ್ಫಾ ಹೇಳುತ್ತದೆ. ಪ್ರಶ್ನೆ ರೋಗಿಗೆ ಹೇಗೆ ಅರ್ಥವಾಯಿತು ಎಂಬುದು ಅದರಲ್ಲಿ ಕಾಣುವುದಿಲ್ಲ. ಮರು ಅನುವಾದದಲ್ಲೂ ಕಾಣುವುದಿಲ್ಲ, ಏಕೆಂದರೆ ಅದನ್ನು ಮಾಡಿದವರು ಎರಡೂ ಭಾಷೆ ಓದಿಕೊಂಡವರು.

ಮನೆಯ ಸಾಮಾನು ಒಬ್ಬರೇ ತರಲು ಆಗುತ್ತದೆಯೇ ಎಂಬ ಪ್ರಶ್ನೆಯನ್ನೇ ನೋಡಿ. ಮೆಟ್ಟಿಲು ಹತ್ತಿ ಬಂದ ಹೆಂಗಸೊಬ್ಬರು ಇದಕ್ಕೆ ‘ಆಗುವುದೇ ಇಲ್ಲ’ ಎನ್ನಬಹುದು. ಯಾಕೆಂದು ಕೇಳಿದರೆ, ‘ಅಂಗಡಿಗೆ ಮಗ ಹೋಗುತ್ತಾನೆ’ ಎನ್ನುತ್ತಾರೆ. ಅಡ್ಡಿಯಾದದ್ದು ಮೊಣಕಾಲಲ್ಲ, ಮನೆಯ ಕೆಲಸದ ಹಂಚಿಕೆ. ಆದರೂ ಒಟ್ಟು 48 ಅಂಕಗಳಲ್ಲಿ ಅವರಿಗೆ 4 ಖೋತಾ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆದ ಮೇಲೂ ಅಲ್ಲಿ ಸೊನ್ನೆಯೇ ಉಳಿಯುತ್ತದೆ. 12 ಪ್ರಶ್ನೆಗಳಲ್ಲಿ ಒಂದು ಹೀಗೆ ದಾರಿ ತಪ್ಪಿದರೆ ಆಲ್ಫಾ ಹೆಚ್ಚೇನೂ ಇಳಿಯುವುದಿಲ್ಲ.

ಆದ್ದರಿಂದ ಏಳೆಂಟು ರೋಗಿಗಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಳ್ಳಿ. ವಯಸ್ಸಾದವರು, ಶಾಲೆಗೆ ಹೋಗದವರು ಅದರಲ್ಲಿ ಇರಲೇಬೇಕು. ಪ್ರತಿ ಉತ್ತರದ ಬೆನ್ನಲ್ಲೇ ‘ಈ ಪ್ರಶ್ನೆ ಏನು ಕೇಳುತ್ತಿದೆ ಅನ್ನಿಸಿತು? ಹೀಗೇಕೆ ಹೇಳಿದಿರಿ?’ ಎಂದು ಕೇಳಿ, ಅವರ ಮಾತನ್ನು ಹಾಗೆಯೇ ಬರೆದುಕೊಳ್ಳಿ. ‘ಅರ್ಥವಾಯಿತೇ?’ ಎಂದು ಮಾತ್ರ ಕೇಳಬೇಡಿ. ಆಸ್ಪತ್ರೆಯಲ್ಲಿ ಎಲ್ಲರೂ ಹೌದೆನ್ನುತ್ತಾರೆ. ಈಗಿರುವ ದತ್ತಾಂಶದಲ್ಲೂ ಸುಳಿವು ಸಿಗಬಹುದು: ಆ ಪ್ರಶ್ನೆಯ ಅಂಕ ಉಳಿದ 11ರ ಮೊತ್ತದೊಂದಿಗೆ ಎಷ್ಟು ಹೊಂದುತ್ತದೆ ಎಂದು ಗಂಡಸರಿಗೂ ಹೆಂಗಸರಿಗೂ ಬೇರೆಬೇರೆಯಾಗಿ ಲೆಕ್ಕ ಹಾಕಿ.

ತೊಡಕು ಕಂಡರೆ ಪ್ರಶ್ನೆಯನ್ನು ಕಿತ್ತುಹಾಕುವಂತಿಲ್ಲ, ಅಂಕಗಳ ಹೋಲಿಕೆಯೇ ಕೆಡುತ್ತದೆ. ‘ನೀವು ಹೋಗುವ ರೂಢಿ ಇಲ್ಲದಿದ್ದರೂ, ಹೋಗಬೇಕಾಗಿ ಬಂದರೆ’ ಎಂಬ ಸೂಚನೆ ಸೇರಿಸಲು ಹಕ್ಕುದಾರರ ಒಪ್ಪಿಗೆ ಕೇಳಿ. ಹಾಗೆ ಬದಲಾಯಿಸಿದರೆ ನಿಮ್ಮ 110 ಜನರ ಉತ್ತರಗಳು ಹಳೆಯ ಪಠ್ಯದವು, ಮತ್ತೆ ಸಂಗ್ರಹಿಸಲೇಬೇಕು. ಪ್ರಬಂಧದ ಗಡುವು ಹತ್ತಿರವಿದ್ದಾಗ ಇದು ಕಷ್ಟವೆಂದು ಬಲ್ಲೆ, ಆದರೂ ಬೇರೆ ದಾರಿಯಿಲ್ಲ.

ಇನ್ನು ಮರುಪರೀಕ್ಷೆ. ಒಂದೆರಡು ವಾರಗಳ ಬಳಿಕ ಅದೇ ರೋಗಿಗಳಿಗೆ ಅದೇ ಪ್ರಶ್ನೆ ಕೇಳಿದಾಗ, ಎರಡು ಸಲದ ಅಂಕಗಳು ಎಷ್ಟು ಹೊಂದುತ್ತವೆ ಎಂದು ಅಳೆಯುವ ಐಸಿಸಿ ಕನಿಷ್ಠ 0.70 ಇರಬೇಕು ಎಂಬುದು ರೂಢಿ. ಹೊರರೋಗಿ ವಿಭಾಗದಲ್ಲಿ ಇಲ್ಲೇ ಎಡವುವುದು. ಹೊಸ ರೋಗಿಗೆ ಮೊದಲ ದಿನವೇ ಮಾತ್ರೆ ಶುರುವಾಗಿ ನೋವು ಇಳಿಯುತ್ತದೆ, ಅಂಕ ಬದಲಾಗುತ್ತದೆ. ಅದು ಪ್ರಶ್ನಾವಳಿಯ ದೋಷವಲ್ಲ. ಹಾಗಾಗಿ ಚಿಕಿತ್ಸೆ ಬದಲಾಗದ ಹಳೆಯ ರೋಗಿಗಳನ್ನೇ ಆರಿಸಿಕೊಳ್ಳಿ. ಎರಡನೆಯ ಸಲ ‘ಮೊಣಕಾಲು ಹಿಂದಿನಂತೆಯೇ ಇದೆಯೇ?’ ಎಂದೂ ಕೇಳಿ, ಹೌದೆಂದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊದಲ ಸಲ ನರ್ಸ್ ಓದಿ ಹೇಳಿದ್ದರೆ ಎರಡನೆಯ ಸಲವೂ ಓದಿಯೇ ಹೇಳಬೇಕು.